ಹಾಡಿದವರೂ ಇಲ್ಲ, ಕೇಳಿದವರೂ ಇಲ್ಲ

2024ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸರ್ಕಾರಿ ವಕೀಲರು ಮೈಕಲ್ ಸ್ಮಿತ್ ಎಂಬ ಸಂಗೀತಗಾರನ ಮೇಲೆ ಆರೋಪಪಟ್ಟಿ ಸಲ್ಲಿಸಿದರು. ಕೃತಕ ಬುದ್ಧಿಮತ್ತೆ ತಯಾರಿಸಿದ ಲಕ್ಷಾಂತರ ಹಾಡುಗಳನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್ ಮುಂತಾದ ಕಡೆ ಏರಿಸಿ, ಬಾಟ್‌ಗಳಿಂದಲೇ ಅವನ್ನು ಪ್ಲೇ ಮಾಡಿಸಿ, ಒಂದು ಕೋಟಿ ಡಾಲರಿಗೂ ಹೆಚ್ಚು ರಾಯಲ್ಟಿ ಎತ್ತಿದ ಎಂಬುದು ಆರೋಪ.

2017ರಲ್ಲಿ ಅವನು ಬರೆದಿಟ್ಟಿದ್ದ ಲೆಕ್ಕವೇ ತನಿಖೆಯವರ ಕೈಗೆ ಸಿಕ್ಕಿತ್ತು. 1,040 ಖೋಟಾ ಖಾತೆಗಳು, ಒಂದೊಂದರಿಂದ ದಿನಕ್ಕೆ 636 ಹಾಡು. ಒಟ್ಟು 6,61,440 ಸ್ಟ್ರೀಮ್. ಒಂದಕ್ಕೆ ಅರ್ಧ ಸೆಂಟ್ ಹಿಡಿದರೂ ದಿನಕ್ಕೆ 3,307 ಡಾಲರ್. ಇಷ್ಟೂ ಸ್ಟ್ರೀಮ್ ಒಂದೇ ಹಾಡಿಗೆ ಬಿದ್ದರೆ ಕಂಪನಿಗೆ ತಕ್ಷಣ ಅನುಮಾನ ಬರುತ್ತದೆ. ಸಾವಿರಾರು ಹಾಡುಗಳಿಗೆ ಚೂರುಚೂರು ಹಂಚಿದರೆ ಯಾವುದೂ ಎದ್ದು ಕಾಣುವುದಿಲ್ಲ. ಅದಕ್ಕೇ ಅವನಿಗೆ ಅಷ್ಟೊಂದು ಹಾಡು ಬೇಕಾಗಿದ್ದವು, ಅದಕ್ಕೇ ‘ಕಾಮ್ ಬೇಸ್‌ಬಾಲ್’, ‘ಕ್ಯಾಲಸ್ ಪೋಸ್ಟ್’ ಎಂಬಂಥ ಅರ್ಥವಿಲ್ಲದ ಕಲಾವಿದರ ಹೆಸರುಗಳು ಹುಟ್ಟಿಕೊಂಡವು.

ಈ ದುಡ್ಡು ಕಂಪನಿಯ ಜೇಬಿನಿಂದ ಹೋಗುವುದಲ್ಲ. ಸಾಮಾನ್ಯವಾಗಿ ತಿಂಗಳ ರಾಯಲ್ಟಿ ಮೊತ್ತವನ್ನು ಒಟ್ಟು ಸ್ಟ್ರೀಮ್‌ಗಳಲ್ಲಿ ಯಾರ ಪಾಲು ಎಷ್ಟು ಎಂದು ನೋಡಿ ಹಂಚುತ್ತಾರೆ. ಬಾಟ್ ಪಡೆದ ಪ್ರತಿ ಪಾಲೂ ನಿಜವಾಗಿ ಹಾಡಿದವರ ಪಾಲಿನಿಂದ ಕಿತ್ತುಕೊಂಡದ್ದು. ಈ ಅನ್ಯಾಯ ಕೇಳುಗರ ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನೊಂದು ಬಗೆಯ ಮೋಸವನ್ನು ಮಾತ್ರ ಕಿವಿ ಹಿಡಿಯಬಲ್ಲದು. 1989ರಲ್ಲೇ ತೀರಿಕೊಂಡ ಟೆಕ್ಸಾಸಿನ ಗಾಯಕ ಬ್ಲೇಝ್ ಫೋಲಿಯ ಸ್ಪಾಟಿಫೈ ಪುಟದಲ್ಲಿ 2025ರ ಜುಲೈನಲ್ಲಿ ‘ಹೊಸ’ ಹಾಡೊಂದು ಬಂತು, ಜೊತೆಗೆ ಅವನಲ್ಲದ ಯಾರದೋ ಚಿತ್ರ. ಅವನ ಸಂಗೀತ ಬಲ್ಲವರು ಇದು ಅವನದ್ದಲ್ಲ ಎಂದರು. ಸುದ್ದಿಯಾದ ಮೇಲೆ ಸ್ಪಾಟಿಫೈ ಅದನ್ನು ತೆಗೆದುಹಾಕಿತು.

ಪ್ಲೇಲಿಸ್ಟಿನಲ್ಲಿ ಅನುಮಾನ ಬಂದರೆ ಮೊದಲು ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ, ಬರೆದವರು, ನುಡಿಸಿದವರು ಯಾರೆಂದು ನೋಡಬೇಕು. ಆಮೇಲೆ ಕಲಾವಿದರ ಪುಟ: ಕೆಲವೇ ವಾರಗಳಲ್ಲಿ ಹಲವು ಆಲ್ಬಂ, ಒಂದೂ ಕಾರ್ಯಕ್ರಮವಿಲ್ಲ, ಬೇರೆಲ್ಲೂ ಸುಳಿವಿಲ್ಲ ಎಂದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಇವು ಪುರಾವೆಯಲ್ಲ. ಮನೆಯಲ್ಲೇ ರೆಕಾರ್ಡ್ ಮಾಡುವ ಹೊಸ ಹುಡುಗಿಗೂ ಕಾರ್ಯಕ್ರಮ ಸಿಕ್ಕಿರುವುದಿಲ್ಲ.

ಸ್ಪಾಟಿಫೈನಲ್ಲಿ ಕಲಾವಿದರ ಪುಟದ ಮೂರು ಚುಕ್ಕಿಯಲ್ಲಿ “Don't play this artist” ಒತ್ತಿದರೆ ಆ ಹೆಸರಿನ ಹಾಡು ನಿಮಗೆ ಮತ್ತೆ ಬಾರದು. ಅದು ನಿಮ್ಮ ಖಾತೆಗೆ ಮಾತ್ರ, ಆ ಒಂದು ಹೆಸರಿಗೆ ಮಾತ್ರ. ಹಾಡೇ ತೊಲಗಬೇಕಾದರೆ ಸಹಾಯ ವಿಭಾಗದಲ್ಲಿ ದೂರು ಕೊಡಬೇಕು, ಹಾಡಿನ ಲಿಂಕ್ ಹಾಕಿ, ಯಾರ ಹೆಸರು ಕದ್ದಿದ್ದಾರೆ ಎಂದು ಬರೆಯಬೇಕು. ಕಲಾವಿದರು ತಮ್ಮ ಪುಟಕ್ಕೆ ಸೇರಿದ ಪರಕೀಯ ಹಾಡಿನ ಬಗ್ಗೆ “Spotify for Artists” ಮೂಲಕವೇ ದೂರಬಹುದು. ಡೀಜರ್ ಆ್ಯಪ್ ಒಂದು ಹೆಜ್ಜೆ ಮುಂದಿದೆ: ಪೂರ್ತಿ ಯಂತ್ರದಿಂದಲೇ ತಯಾರಾದದ್ದು ಪತ್ತೆಯಾದರೆ ಆಲ್ಬಂ ಮೇಲೆ ಗುರುತು ಹಾಕಿ, ಶಿಫಾರಸು ಪಟ್ಟಿಯಿಂದ ಹೊರಗಿಡುತ್ತದೆ.