ಬಡ್ಡಿಯಿಲ್ಲದ ನೋಟಿನೊಳಗೆ ಅಡಗಿರುವ ಬಡ್ಡಿ

ಬೆಂಗಳೂರಿನ ಪೀಣ್ಯದಂಥ ಕಡೆ ಯಂತ್ರ ತಯಾರಿಸುವ ಕಂಪನಿಯೊಂದು ಇದೆ ಎಂದುಕೊಳ್ಳಿ. ಗಿರಾಕಿಯೊಬ್ಬರ ಅಗತ್ಯಕ್ಕೆ ತಕ್ಕಂತೆ ಒಂದು ಯಂತ್ರ ಮಾಡಿ, 2023ರ ಏಪ್ರಿಲ್ 1ರಂದು ಅವರ ಶೆಡ್ಡಿಗೆ ಇಳಿಸುತ್ತದೆ. ಅಂದು ಹಣದ ಕೊಡುಕೊಳ್ಳುವಿಕೆ ಇಲ್ಲ. ಬದಲಿಗೆ ಗಿರಾಕಿ ಒಂದು ಪ್ರಾಮಿಸರಿ ನೋಟು ಬರೆದುಕೊಡುತ್ತಾರೆ: 2026ರ ಮಾರ್ಚ್ 31ರಂದು ಹತ್ತು ಲಕ್ಷ ರೂಪಾಯಿ ಕೊಡುತ್ತೇನೆ, ಬಡ್ಡಿ ಇಲ್ಲ. ಈ ಯಂತ್ರ ತಯಾರಿಸಲು ಕಂಪನಿಗೆ ತಗುಲಿದ ವೆಚ್ಚ ಆರೂವರೆ ಲಕ್ಷ. ಹಾಗಾದರೆ ಯಂತ್ರ ಮಾರಿದ್ದರಿಂದ ಬಂದ ಲಾಭ ಎಷ್ಟು?

ಮೂರೂವರೆ ಲಕ್ಷ ಎಂಬ ಉತ್ತರ ಬಾಯಿಗೆ ತಕ್ಷಣ ಬರುತ್ತದೆ. ಲೆಕ್ಕಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಇದೇ ಗಿರಾಕಿ ಬ್ಯಾಂಕಿಗೆ ಹೋಗಿ ಸಾಲ ತಂದು ಇಂದೇ ನಗದು ಕೊಡಲು ಮುಂದಾಗಿದ್ದರೆ ಕಂಪನಿ ಹತ್ತು ಲಕ್ಷ ಕೇಳುತ್ತಿರಲಿಲ್ಲ, ಕೇಳಿದರೂ ಗಿರಾಕಿ ಕೊಡುತ್ತಿರಲಿಲ್ಲ. ಮೂರು ವರ್ಷ ಕಾಯುವುದಕ್ಕೆ ಪ್ರತಿಯಾಗಿ ಕಂಪನಿ ಪಡೆಯುವ ಮೊತ್ತವೂ ಆ ಹತ್ತು ಲಕ್ಷದೊಳಗೇ ಸೇರಿದೆ. ನೋಟಿನಲ್ಲಿ ಬಡ್ಡಿ ಎಂದು ಬರೆದಿಲ್ಲ, ಅಷ್ಟೇ.

ಅಂದರೆ ಒಂದೇ ಕಾಗದದಲ್ಲಿ ಎರಡು ವ್ಯವಹಾರಗಳಿವೆ. ಒಂದು, ಯಂತ್ರದ ಮಾರಾಟ. ಇನ್ನೊಂದು, ಆ ಯಂತ್ರದ ಬೆಲೆಯಷ್ಟು ಹಣವನ್ನು ಗಿರಾಕಿಗೆ ಮೂರು ವರ್ಷದ ಸಾಲವಾಗಿ ಬಿಟ್ಟದ್ದು. ಇವೆರಡನ್ನೂ ಬಿಡಿಸಿ ಬರೆಯುವುದೇ ಇಲ್ಲಿಯ ಕೆಲಸ. ಅದಕ್ಕೆ ಮೊದಲು ಗೊತ್ತಾಗಬೇಕಾದದ್ದು, ಮೂರು ವರ್ಷದ ಮೇಲೆ ಬರುವ ಹತ್ತು ಲಕ್ಷ ಇಂದು ಎಷ್ಟಕ್ಕೆ ಸಮ ಎಂಬುದು.

ಈ ಗಿರಾಕಿಗೆ ಬ್ಯಾಂಕು ಇಂಥದ್ದೇ ಅವಧಿಯ ಸಾಲವನ್ನು ಶೇ 10ರ ದರದಲ್ಲಿ ಕೊಡುತ್ತಿತ್ತು ಎನ್ನೋಣ. ಹತ್ತು ಲಕ್ಷವನ್ನು 1.10ರಿಂದ ಮೂರು ಸಲ ಭಾಗಿಸಿದರೆ 7,51,315 ರೂಪಾಯಿ ಬರುತ್ತದೆ. ಇದು ನೋಟಿನ ಇಂದಿನ ಮೌಲ್ಯ, ಯಂತ್ರದ ನಿಜವಾದ ಮಾರಾಟ ಬೆಲೆಯೂ ಇದೇ. ಉಳಿದ 2,48,685 ರೂಪಾಯಿ ಬಡ್ಡಿ. ಹಾಗಾಗಿ ಯಂತ್ರ ಮಾರಿದ ಲಾಭ ಮೂರೂವರೆ ಲಕ್ಷವಲ್ಲ, 1,01,315 ರೂಪಾಯಿ ಮಾತ್ರ.

ಕಂಪನಿಯ ಪುಸ್ತಕದಲ್ಲಿ ಇದನ್ನು ಬರೆಯುವ ಬಗೆ ಹೀಗೆ. ಬರಬೇಕಾದ ನೋಟುಗಳ ಖಾತೆಗೆ 10,00,000 ಡೆಬಿಟ್, ಮಾರಾಟ ಖಾತೆಗೆ 7,51,315 ಕ್ರೆಡಿಟ್, ನೋಟಿನ ಮೇಲಿನ ಡಿಸ್ಕೌಂಟ್ ಖಾತೆಗೆ 2,48,685 ಕ್ರೆಡಿಟ್. ಈ ಡಿಸ್ಕೌಂಟ್ ಗಿರಾಕಿಗೆ ಕೊಟ್ಟ ರಿಯಾಯಿತಿಯಲ್ಲ, ಕಂಪನಿಯ ಹೊಣೆಯೂ ಅಲ್ಲ. ಅದು ಇನ್ನೂ ದುಡಿಯದ ಬಡ್ಡಿ. ಬ್ಯಾಲೆನ್ಸ್ ಶೀಟಿನಲ್ಲಿ ಅದಕ್ಕೆ ಸ್ವತಂತ್ರ ಸ್ಥಾನವಿಲ್ಲ. ನೋಟಿನ ಮುಖಬೆಲೆಯಿಂದ ಅದನ್ನು ಕಳೆದು ನೋಟನ್ನು 7,51,315ಕ್ಕೆ ತೋರಿಸಬೇಕು. ಕೆಲವರು ಡಿಸ್ಕೌಂಟ್ ಖಾತೆಯನ್ನೇ ತೆರೆಯದೆ ನೋಟನ್ನು ನೇರವಾಗಿ ಈ ಮೊತ್ತಕ್ಕೇ ಬರೆಯುತ್ತಾರೆ. ಎರಡರ ಫಲವೂ ಒಂದೇ.

ಇನ್ನು ಬಡ್ಡಿ. ಮೊದಲ ವರ್ಷದ ಕೊನೆಗೆ, 2024ರ ಮಾರ್ಚ್ 31ರಂದು, 7,51,315ರ ಮೇಲೆ ಶೇ 10 ಎಂದರೆ 75,131 ರೂಪಾಯಿಯನ್ನು ಬಡ್ಡಿ ಆದಾಯ ಎಂದು ಬರೆಯಲಾಗುತ್ತದೆ. ಅಷ್ಟೇ ಮೊತ್ತ ಡಿಸ್ಕೌಂಟ್ ಖಾತೆಯಿಂದ ಕಡಿಮೆಯಾಗುತ್ತದೆ, ನೋಟಿನ ಮೌಲ್ಯ 8,26,446ಕ್ಕೆ ಏರುತ್ತದೆ. ಎರಡನೆಯ ವರ್ಷದ ಬಡ್ಡಿಯನ್ನು ಈ ಏರಿದ ಮೊತ್ತದ ಮೇಲೆ ಲೆಕ್ಕ ಹಾಕಬೇಕು: 82,645. ನೋಟು ಈಗ 9,09,091. ಮೂರನೆಯ ವರ್ಷ 90,909 ಸೇರಿದಾಗ ಸರಿಯಾಗಿ ಹತ್ತು ಲಕ್ಷ. ಅಂದೇ ಗಿರಾಕಿಯ ಹಣ ಬರುತ್ತದೆ, ನೋಟು ಪುಸ್ತಕದಿಂದ ಹೊರಹೋಗುತ್ತದೆ.

ಒಟ್ಟು ಬಡ್ಡಿಯನ್ನು ಮೂರು ಸಮಪಾಲು ಮಾಡಿ ವರ್ಷಕ್ಕೆ 82,895ರಂತೆ ಬರೆದರೆ ಸುಲಭವಲ್ಲವೇ ಎಂದು ಅನ್ನಿಸಬಹುದು. ಹಾಗೆ ಮಾಡುವವರೂ ಇದ್ದಾರೆ. ಆದರೆ ಸಾಲ ಪ್ರತಿ ವರ್ಷ ದೊಡ್ಡದಾಗುತ್ತಿರುವಾಗ ಬಡ್ಡಿ ಮಾತ್ರ ಅಷ್ಟೇ ಇದ್ದರೆ, ಮೊದಲ ವರ್ಷ ಶೇ 11, ಕೊನೆಯ ವರ್ಷ ಶೇ 9 ಗಳಿಸಿದಂತೆ ಕಾಣುತ್ತದೆ. ಒಪ್ಪಂದದಲ್ಲಿ ಹಾಗೇನೂ ಇಲ್ಲ. ಆದ್ದರಿಂದಲೇ ಪರಿಣಾಮಕಾರಿ ಬಡ್ಡಿ ವಿಧಾನ, ಅಂದರೆ ದರವನ್ನು ಒಂದೇ ಇಟ್ಟು ಬೆಳೆಯುವ ಬಾಕಿಯ ಮೇಲೆ ಬಡ್ಡಿ ಹಾಕುವ ವಿಧಾನ, ನಿಯಮವಾಗಿದೆ. ಸಮಪಾಲಿನ ಲೆಕ್ಕವನ್ನು ಒಪ್ಪುವುದು ವ್ಯತ್ಯಾಸ ಗಣನೆಗೆ ಬಾರದಷ್ಟು ಚಿಕ್ಕದಾಗಿದ್ದಾಗ ಮಾತ್ರ.

ಮೂರು ವರ್ಷ ಮುಗಿದಾಗ ಒಟ್ಟು ಲಾಭ ಹೇಗೂ ಮೂರೂವರೆ ಲಕ್ಷವೇ, ಮತ್ತೇಕೆ ಇಷ್ಟು ಶ್ರಮ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಟ್ಟು ಮೊತ್ತ ಬದಲಾಗುವುದಿಲ್ಲ, ನಿಜ. ಬದಲಾಗುವುದು ಯಾವ ವರ್ಷ, ಯಾವ ಕೆಲಸದಿಂದ ಬಂತು ಎಂಬ ಚಿತ್ರ. ಹತ್ತು ಲಕ್ಷವನ್ನೂ ಮೊದಲ ದಿನವೇ ಮಾರಾಟವೆಂದು ಬರೆದ ಕಂಪನಿ ನೂರು ರೂಪಾಯಿ ಮಾರಾಟಕ್ಕೆ 35 ರೂಪಾಯಿ ಲಾಭ ತೋರಿಸುತ್ತದೆ. ಸರಿಯಾಗಿ ಬರೆದರೆ ಅದು ಹದಿಮೂರೂವರೆಯಷ್ಟೂ ಇಲ್ಲ. ಆ ಮೊದಲ ವರ್ಷದ ಅಂಕಿಗಳನ್ನು ನೋಡಿ ಷೇರು ಕೊಳ್ಳುವವರಿದ್ದಾರೆ, ಸಾಲ ಕೊಡುವ ಬ್ಯಾಂಕುಗಳಿವೆ, ಲಾಭಕ್ಕೆ ತಕ್ಕ ಬೋನಸ್ ಪಡೆಯುವ ಅಧಿಕಾರಿಗಳಿದ್ದಾರೆ. ಅವಧಿ ಉದ್ದ ಮಾಡಿ ಮುಖಬೆಲೆ ಏರಿಸಿದಷ್ಟೂ ಲಾಭ ಹೆಚ್ಚು ಕಾಣುವ ಲೆಕ್ಕ ಇವರೆಲ್ಲರ ದಾರಿ ತಪ್ಪಿಸುತ್ತದೆ.

ಅಮೆರಿಕದಲ್ಲಿ ಅಕೌಂಟಿಂಗ್ ಪ್ರಿನ್ಸಿಪಲ್ಸ್ ಬೋರ್ಡ್ 1971ರ ಆಗಸ್ಟ್‌ನಲ್ಲಿ ತನ್ನ 21ನೆಯ ಅಭಿಪ್ರಾಯವನ್ನು ಹೊರಡಿಸಿದ್ದು ಇದೇ ತೊಡಕನ್ನು ಬಿಡಿಸಲು. ನೋಟಿನಲ್ಲಿ ಬಡ್ಡಿ ಬರೆದಿಲ್ಲದಿದ್ದರೆ, ಅಥವಾ ಬರೆದ ದರ ನ್ಯಾಯವಾದದ್ದಲ್ಲದಿದ್ದರೆ, ಮುಖಬೆಲೆಯನ್ನು ನಂಬದೆ ಇಂದಿನ ಮೌಲ್ಯಕ್ಕೆ ಬರೆಯಬೇಕು ಎಂದು ಅದು ವಿಧಿಸಿತು. ಈಗ ಅದು ಅಲ್ಲಿಯ ಮಾನದಂಡಗಳ 835-30ನೆಯ ಭಾಗದಲ್ಲಿದೆ. ನಮ್ಮಲ್ಲಿ ದೊಡ್ಡ ಕಂಪನಿಗಳಿಗೆ 2016ರಿಂದ ಹಂತಹಂತವಾಗಿ ಜಾರಿಗೆ ಬಂದ ಇಂಡ್ ಎಎಸ್ ಮಾನದಂಡಗಳಲ್ಲಿ 115ನೆಯದು ಇದನ್ನೇ ಹೇಳುತ್ತದೆ: ಮಾರಾಟದೊಳಗೆ ಗಣನೀಯವಾದ ಸಾಲದ ಅಂಶವಿದ್ದರೆ ಅದನ್ನು ಬೇರ್ಪಡಿಸಬೇಕು. ಮಾಲು ಕೊಡುವುದಕ್ಕೂ ಹಣ ಬರುವುದಕ್ಕೂ ನಡುವೆ ಒಂದು ವರ್ಷ ಮೀರದಿದ್ದರೆ ಬಿಡಿಸಬೇಕಾಗಿಲ್ಲ ಎಂಬ ವಿನಾಯಿತಿಯೂ ಅದರಲ್ಲಿದೆ. ಹಾಗಾಗಿ ಮೂವತ್ತು, ಅರವತ್ತು ದಿನದ ಉದ್ರಿ ವ್ಯಾಪಾರ ಮಾಡುವವರಿಗೆ ಈ ಗೋಜಲಿಲ್ಲ.

ಈ ಲೆಕ್ಕದ ಜೀವ ಇರುವುದು ದರದಲ್ಲಿ. ತಪ್ಪು ನಡೆಯುವುದೂ ಹೆಚ್ಚಾಗಿ ಅಲ್ಲೇ. ಯಂತ್ರಕ್ಕೆ ಗೊತ್ತಾದ ನಗದು ಬೆಲೆ ಇದ್ದರೆ ಚರ್ಚೆಯೇ ಇಲ್ಲ. ಆ ಬೆಲೆಯೇ ಮಾರಾಟ, ಅದನ್ನು ಹತ್ತು ಲಕ್ಷಕ್ಕೆ ಒಯ್ಯುವ ದರವೇ ಬಡ್ಡಿ ದರ. ನಮ್ಮ ಯಂತ್ರದಂತೆ ಒಬ್ಬರಿಗಾಗಿಯೇ ಮಾಡಿದ, ಪೇಟೆ ಬೆಲೆಯಿಲ್ಲದ ವಸ್ತುವಾದರೆ ದರವನ್ನು ಅಂದಾಜು ಮಾಡಬೇಕಾಗುತ್ತದೆ. ಆಗ ಕೆಲವು ಕಂಪನಿಗಳು ತಮ್ಮ ಠೇವಣಿಗೆ ಬ್ಯಾಂಕು ಕೊಡುವ ದರವನ್ನು ಹಿಡಿಯುತ್ತವೆ. ಇದು ತಪ್ಪು. ಇಲ್ಲಿ ಸಾಲ ಪಡೆದವರು ಗಿರಾಕಿ. ಅವರ ಸಾಖ್, ಅವರು ಕೊಟ್ಟ ಭದ್ರತೆ, ಸಾಲದ ಅವಧಿ ಇವನ್ನು ನೋಡಿ ಅವರಿಗೆ ಬೇರೆಯವರು ಯಾವ ದರಕ್ಕೆ ಸಾಲ ಕೊಡುತ್ತಿದ್ದರೋ ಅದೇ ಸರಿಯಾದ ದರ.

ದರ ಬದಲಾದರೆ ಏನಾಗುತ್ತದೆ ನೋಡಿ. ಶೇ 6 ಹಿಡಿದರೆ ಅದೇ ನೋಟಿನ ಇಂದಿನ ಮೌಲ್ಯ 8,39,619, ಯಂತ್ರದ ಲಾಭ 1,89,619. ಶೇ 14 ಹಿಡಿದರೆ ಮೌಲ್ಯ 6,74,972, ಲಾಭ 24,972. ಯಂತ್ರ ಅದೇ, ಗಿರಾಕಿ ಅವರೇ, ನೋಟೂ ಅದೇ. ಮೊದಲ ದಿನದ ಲಾಭ ಮಾತ್ರ ಏಳು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ದರ ಆರಿಸಿದ್ದಕ್ಕೆ ಕಾರಣವನ್ನು ಬರಹದಲ್ಲಿ ಇಡದ ಕಂಪನಿಯ ಲಾಭವನ್ನು ಲೆಕ್ಕಪರಿಶೋಧಕರು ಸುಲಭವಾಗಿ ಒಪ್ಪಬಾರದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಒಮ್ಮೆ ಹಿಡಿದ ದರವನ್ನು ಆಮೇಲೆ ಪೇಟೆಯ ಬಡ್ಡಿ ಏರಿತು, ಇಳಿಯಿತು ಎಂದು ಬದಲಿಸುವಂತೆಯೂ ಇಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿ ಬಿಡಿಸಬೇಕು. ಡಿಸ್ಕೌಂಟ್ ಕಳೆದಿದ್ದೇವಲ್ಲ, ಹಣ ಬಾರದಿದ್ದರೆ ಅದೇ ರಕ್ಷಣೆ ಎಂದು ಕೆಲವರು ಭಾವಿಸುತ್ತಾರೆ. ಡಿಸ್ಕೌಂಟ್ ಕಾಲದ ಬೆಲೆ. ವಸೂಲಾಗದಿರುವ ಭಯಕ್ಕೆ ಬೇರೆಯಾಗಿಯೇ ಅನುವು ಮಾಡಿಡಬೇಕು. ಎರಡನೆಯ ವರ್ಷದ ಕೊನೆಗೆ ಗಿರಾಕಿ ದಿವಾಳಿಯಾಗಿ ಏನೂ ಸಿಗದಂತಾಯಿತು, ಅನುವನ್ನೂ ಮಾಡಿಟ್ಟಿರಲಿಲ್ಲ ಎನ್ನಿ. ಪುಸ್ತಕದಲ್ಲಿ ನಷ್ಟ 9,09,091. ಅದರಲ್ಲಿ 1,57,776 ರೂಪಾಯಿ, ಹಿಂದಿನ ಎರಡು ವರ್ಷ ಬಡ್ಡಿ ಆದಾಯವೆಂದು ತೋರಿಸಿ, ಕೈಗೆ ಒಂದು ರೂಪಾಯಿಯೂ ಬಾರದಿದ್ದ ಹಣ.

ಬಡ್ಡಿ ಬರೆದಿಲ್ಲ ಎಂದ ಮಾತ್ರಕ್ಕೆ ಬಡ್ಡಿ ಇಲ್ಲ ಎಂದಲ್ಲ ಎಂಬ ತಿಳಿವಳಿಕೆ ಲೆಕ್ಕಿಗರಲ್ಲಿ ಮಾತ್ರ ಉಳಿದಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕಳಿಸಿದ ಸೂಚನೆಯಲ್ಲಿ, ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲ, ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿ ಕಂತುಗಳಲ್ಲಿ ಬಡ್ಡಿಯನ್ನು ಅನೇಕ ವೇಳೆ ಪ್ರೊಸೆಸಿಂಗ್ ಶುಲ್ಕದ ವೇಷದಲ್ಲಿ ವಸೂಲು ಮಾಡಲಾಗುತ್ತಿದೆ ಎಂದು ಹೇಳಿತ್ತು. ಬೆಂಗಳೂರಿನಲ್ಲಿ ಕಚೇರಿ ಬಾಡಿಗೆಗೆ ಹಿಡಿಯುವ ಕಂಪನಿ ಮಾಲೀಕರಿಗೆ ಕೊಡುವ ಬಡ್ಡಿರಹಿತ ಅಡ್ವಾನ್ಸೂ ಇದೇ ಜಾತಿಯದು. ಇಂಡ್ ಎಎಸ್ ಪಾಲಿಸುವ ಕಂಪನಿ ಅದನ್ನು ಇಂದಿನ ಮೌಲ್ಯಕ್ಕೆ ಬರೆದು, ವ್ಯತ್ಯಾಸವನ್ನು ಕಟ್ಟಡ ಬಳಸುವ ಹಕ್ಕಿನ ವೆಚ್ಚಕ್ಕೆ ಸೇರಿಸುತ್ತದೆ.

ಷೇರು ಇಟ್ಟುಕೊಂಡಿರುವ ಓದುಗರು ಮುಂದಿನ ಸಲ ವಾರ್ಷಿಕ ವರದಿ ಕೈಗೆ ಬಂದಾಗ ಎರಡು ಕಡೆ ಕಣ್ಣು ಹಾಯಿಸಿ. ಗಿರಾಕಿಗಳಿಗೆ ಕೊಟ್ಟ ಸಾಲದ ಬಡ್ಡಿಯನ್ನು ಮಾರಾಟದ ಆದಾಯದಿಂದ ಬೇರೆಯಾಗಿ ತೋರಿಸಬೇಕೆಂಬುದು ನಿಯಮ. ಅದು ಎಷ್ಟಿದೆ ನೋಡಿ. ಆಮೇಲೆ ನಗದು ಹರಿವಿನ ಪಟ್ಟಿಯಲ್ಲಿ, ನಿಜವಾಗಿ ಕೈಗೆ ಬಂದ ಬಡ್ಡಿ ಎಷ್ಟು ಎಂದು ಹುಡುಕಿ. ವರ್ಷದಿಂದ ವರ್ಷಕ್ಕೆ ಮೊದಲನೆಯದು ಬೆಳೆಯುತ್ತಾ ಎರಡನೆಯದು ಹಿಂದೆಯೇ ಉಳಿದಿದ್ದರೆ, ಆ ಕಂಪನಿ ಉದ್ದ ಅವಧಿಯ ಸಾಲ ಕೊಟ್ಟು ಮಾಲು ಮಾರುತ್ತಿರುವ ಸಾಧ್ಯತೆ ಇದೆ. ಆ ನೋಟುಗಳ ಅವಧಿ ಎಷ್ಟು, ಯಾವ ದರ ಹಿಡಿದಿದ್ದೀರಿ ಎಂದು ವಾರ್ಷಿಕ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ; ಕೇಳಿ.