ಕೊನೆಯ ಅಧ್ಯಾಯಕ್ಕೆ ಹತ್ತು ಅಂಕ

ಎಂ.ಎ. ಡೆಸರ್ಟೇಷನ್ ಕೈಗೆ ಬಂದಾಗ ಪಳಗಿದ ಮೌಲ್ಯಮಾಪಕರು ಒಂದು ಬೆರಳನ್ನು ಸಂಶೋಧನಾ ಪ್ರಶ್ನೆಯಿರುವ ಪುಟದಲ್ಲಿ, ಇನ್ನೊಂದನ್ನು ಉಪಸಂಹಾರದಲ್ಲಿ ಇಟ್ಟುಕೊಂಡು ಎರಡನ್ನೂ ಎದುರುಬದುರಾಗಿ ಓದುತ್ತಾರೆ. ಕೇಳಿದ್ದೇನು, ಹೇಳಿದ್ದೇನು ಎಂಬುದು ಆಗಲೇ ತಿಳಿದುಬಿಡುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದರಿಂದ ತಾಲ್ಲೂಕಿನ ಹೆಂಗಸರು ದುಡಿಮೆಗಾಗಿ ಓಡಾಡುವುದು ಹೆಚ್ಚಿತೇ ಎಂಬುದು ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ. ಅವಳು ಬಸ್ ನಿಲ್ದಾಣದಲ್ಲಿ 120 ಮಂದಿಯನ್ನು ಮಾತನಾಡಿಸಿದ್ದಾಳೆ. ಓಡಾಟ ಹೆಚ್ಚಿದೆ ಎಂದವರು 78, ಅದು ಕೆಲಸಕ್ಕಾಗಿ ಎಂದವರು 30.

ಅವಳ ಮೊದಲ ಕರಡಿನ ಉಪಸಂಹಾರ ಹೀಗಿದೆ: ಯೋಜನೆ ಮಹಿಳಾ ಸಬಲೀಕರಣಕ್ಕೆ ನೆರವಾಗಿದೆ, ಸರ್ಕಾರ ಬಸ್ಸುಗಳನ್ನು ಹೆಚ್ಚಿಸಬೇಕು. ಎರಡೂ ಒಳ್ಳೆಯ ಮಾತುಗಳೇ. ಆದರೆ ಪ್ರಶ್ನೆ ಸಬಲೀಕರಣದ್ದಲ್ಲ, ಬಸ್ಸಿನ ಸಂಖ್ಯೆಯದೂ ಅಲ್ಲ. ಉತ್ತರಕ್ಕೆಂದು ಇಟ್ಟ ಐದು ಅಂಕಗಳಲ್ಲಿ ಇದಕ್ಕೆ ಒಂದು ಕೊಡಬಹುದು. 'ಮಾತನಾಡಿಸಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ದುಡಿಮೆಯ ಓಡಾಟ ಹೆಚ್ಚಿದೆ. ಓಡಾಟ ಹೆಚ್ಚಿದ ಉಳಿದವರು ಹೋದದ್ದು ಆಸ್ಪತ್ರೆ, ತವರು, ದೇವಸ್ಥಾನಗಳಿಗೆ' ಎಂದು ಬರೆದಿದ್ದರೆ ಉತ್ತರ ಸಿಕ್ಕಂತಾಗುತ್ತಿತ್ತು. ಉತ್ತರ 'ಅಷ್ಟೇನೂ ಹೆಚ್ಚಿಲ್ಲ' ಎಂದಾದರೆ ಅಂಕ ಕಡಿಮೆಯಾಗುತ್ತದೆ ಎಂಬ ಅಂಜಿಕೆ ವಿದ್ಯಾರ್ಥಿಗಳಲ್ಲಿದೆ. ಅದಕ್ಕೆ ಆಧಾರವಿಲ್ಲ.

ಮಿತಿಗಳಿಗೆ ಮೂರು ಅಂಕ. ಇಲ್ಲಿ ಎಡವುವವರೇ ಹೆಚ್ಚು. 'ಸಮಯ ಸಾಲಲಿಲ್ಲ, ಹಣವಿರಲಿಲ್ಲ' ಎಂಬ ಸಾಲುಗಳನ್ನು ಯಾವ ಪ್ರಬಂಧಕ್ಕಾದರೂ ಅಂಟಿಸಬಹುದು. ಈ ಅಧ್ಯಯನದ ನಿಜವಾದ ತೊಡಕು ಬೇರೆಯೇ. ಬಸ್ ನಿಲ್ದಾಣದಲ್ಲಿ ಸಿಗುವವರು ಈಗಾಗಲೇ ಬಸ್ಸಿನಲ್ಲಿ ಓಡಾಡುವ ಹೆಂಗಸರು. ಊರಿಗೆ ಬಸ್ಸೇ ಬಾರದ ಕಾರಣ ಮನೆಯಲ್ಲೇ ಉಳಿದವರು ಲೆಕ್ಕಕ್ಕೇ ಬಂದಿಲ್ಲ. ಹಾಗಾಗಿ 120ರಲ್ಲಿ 30 ಎಂಬ ಪ್ರಮಾಣ ಇಡೀ ತಾಲ್ಲೂಕಿಗೆ ಅನ್ವಯಿಸಿದರೆ ಹೆಚ್ಚಾಗಿ ಕಾಣುವ ಸಂಭವವಿದೆ. ಮಿತಿಯನ್ನು ಹೆಸರಿಸಿದರೆ ಸಾಲದು, ಅದು ಉತ್ತರವನ್ನು ಯಾವ ಕಡೆಗೆ ವಾಲಿಸಿದೆ ಎಂದೂ ಹೇಳಬೇಕು. ಮೂರನೆಯ ಅಂಕ ಅದಕ್ಕೇ ಮೀಸಲು.

ಮುಂದಿನ ಅಧ್ಯಯನಕ್ಕೆ ಉಳಿದ ಎರಡು ಅಂಕ. 'ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಸಂಶೋಧನೆ ನಡೆಯಬೇಕು' ಎಂಬ ಸಲಹೆಯನ್ನು ಯಾರೂ ಕೈಗೆತ್ತಿಕೊಳ್ಳಲಾರರು. ಅದೇ ತಾಲ್ಲೂಕಿನಲ್ಲಿ ದಿನಕ್ಕೆ ಹಲವು ಬಸ್ಸು ಬರುವ ಒಂದು ಹಳ್ಳಿ, ಬಸ್ಸೇ ಇಲ್ಲದ ಇನ್ನೊಂದು ಹಳ್ಳಿಯನ್ನು ಆರಿಸಿ ಮನೆಮನೆಗೆ ಹೋಗಿ ವಿಚಾರಿಸುವುದಾದರೆ, ಮುಂದಿನ ವರ್ಷದ ವಿದ್ಯಾರ್ಥಿಯೊಬ್ಬ ಒಂದು ಸೆಮಿಸ್ಟರಿನಲ್ಲಿ ಮುಗಿಸಬಲ್ಲ. ಮೇಲೆ ಒಪ್ಪಿಕೊಂಡ ಮಿತಿಗೇ ಅದು ಪರಿಹಾರವೂ ಹೌದು.

ಇಷ್ಟನ್ನೂ ತಿದ್ದಿ ಬರೆದ ಉಪಸಂಹಾರಕ್ಕೆ ಹತ್ತಕ್ಕೆ ಒಂಬತ್ತು ಸಲ್ಲುತ್ತದೆ. ಕಡಿತವಾದ ಒಂದು ಅಂಕ, ಆ 30 ಮಂದಿ ಹೋಗುತ್ತಿದ್ದದ್ದು ಯಾವ ಕೆಲಸಕ್ಕೆ ಎಂದು ಹೇಳದೆ ಬಿಟ್ಟದ್ದಕ್ಕೆ.