ಎಂಟು ಪುಟದ ನೋಟ್ಸ್, ಎರಡು ನಿಮಿಷದ ಉತ್ತರ: ವೈವಾಗೆ ಸ್ಕ್ರಿಪ್ಟ್ ಬರೆದುಕೊಳ್ಳುವುದು ಹೇಗೆ?

ಚೆನ್ನೈ: ವಾರ್ಡ್‌ನಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್, ತಲೆಯೊಳಗೆ ಕನ್ನಡ. ಚೆನ್ನೈನ ವೈದ್ಯಕೀಯ ಕಾಲೇಜುಗಳಿಗೆ ಸೇರುವ ಕರ್ನಾಟಕದ ವಿದ್ಯಾರ್ಥಿಗಳಿಗೆ ಲಿಖಿತ ಪರೀಕ್ಷೆಗಿಂತ ವೈವಾ ಹೆಚ್ಚು ಭಯ ಹುಟ್ಟಿಸಲು ಇದೂ ಒಂದು ಕಾರಣ. ಎಂಬಿಬಿಎಸ್‌ನಲ್ಲಿ ವೈವಾ ಅಂಕ ಪ್ರಾಯೋಗಿಕ ಪರೀಕ್ಷೆಯ ಅಂಕದೊಂದಿಗೆ ಸೇರುತ್ತದೆ. ಹಾಗಾಗಿ ಥಿಯರಿಯಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಪರೀಕ್ಷಕರ ಎದುರು ತಡವರಿಸಿದರೆ ನಷ್ಟ ತಪ್ಪದು.

ಸಮಸ್ಯೆ ಇರುವುದು ನೋಟ್ಸ್‌ನ ಕ್ರಮದಲ್ಲಿ. ಉಪನ್ಯಾಸಕರು ಇತಿಹಾಸದಿಂದ ಶುರುಮಾಡಿ, ವಿಧಗಳನ್ನು ಹೇಳಿ, ಕೊನೆಗೆ ಕಾರಣಕ್ಕೆ ಬರುತ್ತಾರೆ. ಪರೀಕ್ಷಕರು ಮೊದಲು ಕೇಳುವುದೇ ಆ ಕಾರಣವನ್ನು. ನೋಟ್ಸ್ ಅನ್ನು ಅದೇ ಕ್ರಮದಲ್ಲಿ ಬಾಯಿಪಾಠ ಮಾಡಿದವರು ಎರಡು ನಿಮಿಷ ಮುಗಿದರೂ ಪೀಠಿಕೆಯಲ್ಲೇ ಇರುತ್ತಾರೆ.

ಓಆರ್‌ಎಸ್ ಪಾಠವನ್ನೇ ತೆಗೆದುಕೊಳ್ಳಬಹುದು. ಒಂದು ಗಂಟೆಯ ತರಗತಿಯ ನೋಟ್ಸ್ ಸುಲಭವಾಗಿ ಎಂಟು ಪುಟವಾಗುತ್ತದೆ. ಮೊದಲ ಕೆಲಸ ಅದನ್ನು ಸಂಕ್ಷಿಪ್ತಗೊಳಿಸುವುದಲ್ಲ, ಪ್ರಶ್ನೆಯಾಗಿ ಬದಲಿಸುವುದು. ‘ಓಆರ್‌ಎಸ್’ ಎಂಬುದು ವಿಷಯ. ‘ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಯಾಕೆ ಇದೆ?’ ಎಂಬುದು ಪ್ರಶ್ನೆ. ಪ್ರಶ್ನೆ ಸಿಕ್ಕ ಮೇಲೆ ಯಾವ ಸಾಲು ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಓಆರ್‌ಎಸ್ ಬಳಸಿ ಕಾಲರಾ ರೋಗಿಗಳನ್ನು ಉಳಿಸಿದ ಕತೆ ಎಷ್ಟೇ ರೋಚಕವಾಗಿದ್ದರೂ ಈ ಉತ್ತರಕ್ಕೆ ಬೇಡ. ಕೇಳಿದರೆ ಹೇಳಿದರಾಯಿತು.

ಎರಡನೆಯದು, ಬಾಣದ ಗುರುತುಗಳನ್ನು ವಾಕ್ಯವಾಗಿಸುವುದು. ನೋಟ್ಸ್‌ನಲ್ಲಿ ‘ಗ್ಲೂಕೋಸ್, ಬಾಣ, ಸೋಡಿಯಂ, ಬಾಣ, ನೀರು’ ಎಂದಿದ್ದರೆ ಕಣ್ಣಿಗೆ ಅರ್ಥವಾಗುತ್ತದೆ, ಆದರೆ ಬಾಣವನ್ನು ಬಾಯಲ್ಲಿ ಹೇಳಲಾಗದು. ಅಲ್ಲಿ ಒಂದು ಕ್ರಿಯಾಪದ ಬೇಕು. ವೈವಾದಲ್ಲಿ ವಿದ್ಯಾರ್ಥಿ ತಡವರಿಸುವುದು ಹೆಚ್ಚಾಗಿ ಈ ಬಾಣದ ಜಾಗದಲ್ಲೇ.

ಪರೀಕ್ಷೆ ಇಂಗ್ಲಿಷ್‌ನಲ್ಲಿ ನಡೆದರೂ, ಮೊದಲ ಕರಡನ್ನು ಕನ್ನಡದಲ್ಲಿ ಬರೆದರೆ ಅರ್ಥವಾಗದ ಜಾಗ ತಕ್ಷಣ ಸಿಕ್ಕಿಬೀಳುತ್ತದೆ. ಕರಡು ಹೀಗಿರಬಹುದು:

“ಭೇದಿಯಲ್ಲಿ ಕಳೆದುಹೋದ ನೀರು, ಲವಣವನ್ನು ಬಾಯಿಯ ಮೂಲಕ ತುಂಬಿಕೊಡುವ ದ್ರಾವಣ ಓಆರ್‌ಎಸ್. ಅದರಲ್ಲಿ ಗ್ಲೂಕೋಸ್ ಇರುವುದು ಮುಖ್ಯವಾಗಿ ಶಕ್ತಿಗಲ್ಲ, ಸೋಡಿಯಂ ಹೀರಿಕೆಗೆ. ಸಣ್ಣ ಕರುಳಿನ ಗೋಡೆಯಲ್ಲಿರುವ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನ್ ಒಂದು ಗ್ಲೂಕೋಸ್ ಜೊತೆ ಎರಡು ಸೋಡಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಸೋಡಿಯಂ ಹಿಂದೆ ನೀರೂ ಬರುತ್ತದೆ. ಕಾಲರಾದಲ್ಲೂ ಈ ದಾರಿ ಕೆಡುವುದಿಲ್ಲ. ಅದಕ್ಕೇ ಭೇದಿ ನಿಲ್ಲದಿದ್ದರೂ ಓಆರ್‌ಎಸ್ ಕೆಲಸ ಮಾಡುತ್ತದೆ. ಸಕ್ಕರೆ ಅತಿಯಾದರೆ ಕರುಳಿನೊಳಕ್ಕೆ ನೀರು ಸೆಳೆದು ಭೇದಿ ಹೆಚ್ಚುತ್ತದೆ. ಹಾಗಾಗಿ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಓಸ್ಮೊಲಾರಿಟಿಯನ್ನು 311ರಿಂದ 245ಕ್ಕೆ ಇಳಿಸಿತು. ತೀವ್ರ ನಿರ್ಜಲೀಕರಣಕ್ಕೆ ಇದೊಂದೇ ಸಾಲದು, ರಕ್ತನಾಳಕ್ಕೆ ದ್ರವ ಕೊಡಬೇಕು.”

ನಿಧಾನವಾಗಿ ಓದಿದರೆ ಇದಕ್ಕೆ ಒಂದು ನಿಮಿಷ ಸಾಕು. ಉಳಿದ ಸಮಯ ಪ್ಯಾಕೆಟ್‌ನ ಘಟಕಗಳಿಗೆ: ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಬಿಡಿ ಅಂಕಿ ಮರೆತರೂ ಈ ಮೊತ್ತ ನೆನಪಿದ್ದರೆ ತಪ್ಪು ಹಿಡಿಯಬಹುದು.

ಸ್ಕ್ರಿಪ್ಟ್‌ನ ಪ್ರತಿ ಪದವೂ ಮುಂದಿನ ಪ್ರಶ್ನೆಗೆ ಆಹ್ವಾನ. ‘ಓಸ್ಮೊಲಾರಿಟಿ’ ಎಂದ ಕೂಡಲೇ “ಹಾಗೆಂದರೇನು?” ಎಂಬ ಪ್ರಶ್ನೆ ಬರುತ್ತದೆ. ವಿವರಿಸಲು ಬಾರದ ಪದವನ್ನು ಸ್ಕ್ರಿಪ್ಟ್‌ನಿಂದ ತೆಗೆಯುವುದೇ ಜಾಣತನ. ತಿರುವುಮುರುವಾಗಿ, ಚೆನ್ನಾಗಿ ಗೊತ್ತಿರುವ ವಿಷಯವನ್ನು ಕೊನೆಯ ವಾಕ್ಯದಲ್ಲಿಟ್ಟರೆ ಪರೀಕ್ಷಕರು ಅದನ್ನೇ ಹಿಡಿಯುವ ಸಾಧ್ಯತೆ ಹೆಚ್ಚು.

ಸ್ಕ್ರಿಪ್ಟ್ ಗಟ್ಟಿಯಾಗಿ ಬಾಯಿಪಾಠವಾದರೆ ಮತ್ತೊಂದು ಅಪಾಯ. ಪರೀಕ್ಷಕರು ಮಧ್ಯೆ ತಡೆಯುತ್ತಾರೆ, ವಿದ್ಯಾರ್ಥಿ ಮತ್ತೆ ಮೊದಲ ಸಾಲಿನಿಂದ ಶುರುಮಾಡುತ್ತಾನೆ. ಇದನ್ನು ಪರೀಕ್ಷೆಗೆ ಮೊದಲೇ ಹಾಸ್ಟೆಲ್‌ನಲ್ಲಿ ಕಂಡುಕೊಳ್ಳಬಹುದು. ಗೆಳೆಯನೊಬ್ಬ ಮೊಬೈಲ್ ಟೈಮರ್ ಹಿಡಿದು ಕುಳಿತು, ಮೂರನೇ ವಾಕ್ಯದಲ್ಲಿ “ಕಾಲರಾದಲ್ಲಿ ಏನಾಗುತ್ತದೆ?” ಎಂದು ತಡೆಯಲಿ. ಉತ್ತರಿಸಿ ಅಲ್ಲಿಂದಲೇ ಮುಂದುವರಿಯಲು ಆಗದಿದ್ದರೆ ಹಾಳೆಯನ್ನು ಮಡಚಿಟ್ಟು, ಗ್ಲೂಕೋಸ್, ಸೋಡಿಯಂ, ನೀರು, ಕಾಲರಾ, 245 ಎಂಬ ಐದು ಪದಗಳನ್ನಷ್ಟೇ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡು ಮತ್ತೆ ಹೇಳಬೇಕು. ಆಗ ವಾಕ್ಯ ಪ್ರತಿ ಸಲ ಬೇರೆಯಾಗಿರುತ್ತದೆ, ಕ್ರಮ ಮಾತ್ರ ಬದಲಾಗುವುದಿಲ್ಲ. ಇಂಗ್ಲಿಷ್‌ಗೆ ತಿರುಗಿಸಬೇಕಾದದ್ದು ಈ ಹಂತದಲ್ಲಿ, ಅದೂ ಬರೆದು ಅಲ್ಲ, ಬಾಯಲ್ಲಿ ಹೇಳಿ.